ಪಾರ್ಸೆಲ್ ಮಳೆಗೆ ನೆನೆದು ಬಂದರೆ: ನೀರು ಎಲ್ಲಿ ಹೊಕ್ಕಿತೆಂದು ತೋರಿಸಿ, ಆಮೇಲೆ ಹಣ ಕೇಳಿ

ಜೂನ್ ಹಿಡಿಯಿತೆಂದರೆ ಕಾಸರಗೋಡು, ಮಂಜೇಶ್ವರ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಪಾರ್ಸೆಲ್ ಪೂರ್ತಿ ಒದ್ದೆ, ಮಾರಿದವರು ಕೊರಿಯರ್‌ನವರನ್ನು ಕೇಳಿ ಅನ್ನುತ್ತಾರೆ, ಕೊರಿಯರ್‌ನವರು ಮಳೆಗೆ ನಾವೇನು ಮಾಡುವುದು ಅನ್ನುತ್ತಾರೆ, ಈಗ ಯಾರನ್ನು ಹಿಡಿಯಬೇಕು? ಹೆಚ್ಚಿನವರ ಬಳಿ ಇರುವುದು ಒದ್ದೆ ಪೆಟ್ಟಿಗೆಯ ಒಂದೆರಡು ಫೋಟೋ ಮಾತ್ರ. ಪೆಟ್ಟಿಗೆ ಒದ್ದೆಯಾಗಿತ್ತು ಎಂಬುದಕ್ಕೆ ಅದು ಸಾಕ್ಷಿ, ಸರಿ. ಆದರೆ ಪರಿಹಾರ ನಿಂತಿರುವುದು ಬೇರೆ ಎರಡು ಪ್ರಶ್ನೆಗಳ ಮೇಲೆ: ನೀರು ಯಾವ ಕಡೆಯಿಂದ ಹೊಕ್ಕಿತು, ಆ ಹೊತ್ತಿಗೆ ಪಾರ್ಸೆಲ್ ಯಾರ ಕೈಯಲ್ಲಿತ್ತು. ಕೆಳಗೆ ಹೇಳಿರುವ ಎಲ್ಲ ಹಂತಗಳೂ ಈ ಎರಡಕ್ಕೆ ಉತ್ತರ ಕೂಡಿಸುವ ಕೆಲಸವೇ.

ಲೆಕ್ಕ ಸುಲಭವಾಗಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪೆರ್ಲದ ಒಬ್ಬ ಗ್ರಾಹಕಿ ಇಳಕಲ್ಲಿನ ಸಣ್ಣ ವ್ಯಾಪಾರಿಯೊಬ್ಬರಿಂದ ತಲಾ 3,200 ರೂಪಾಯಿಯ ಎರಡು ಸೀರೆ ತರಿಸುತ್ತಾರೆ. ಒಟ್ಟು 6,400. ಕೊರಿಯರ್ ಬಾಡಿಗೆ 180. ಜುಲೈ 8ಕ್ಕೆ ಬುಕಿಂಗ್, 10ಕ್ಕೆ ಮಂಗಳೂರಿನ ಹಬ್ (ಊರೂರಿನ ಪಾರ್ಸೆಲ್‌ಗಳನ್ನು ವಿಂಗಡಿಸುವ ಗೋದಾಮು), 12ರ ಸಂಜೆ ಪೆರ್ಲ. ಪೆಟ್ಟಿಗೆ ಒದ್ದೆ. ತೆರೆದು ನೋಡಿದರೆ ಮೇಲಿನ ಸೀರೆಗೆ ಏನೂ ಆಗಿಲ್ಲ. ಕೆಳಗಿನ ಸೀರೆಯ ಕೆಂಪು ಸೆರಗು ಬಣ್ಣ ಬಿಟ್ಟು ಒಡಲಿನ ಮಡಿಕೆಗಳಿಗೆ ಹತ್ತಿದೆ.

ಹಂತ 1: ಒಟಿಪಿ ಹೇಳುವ ಮೊದಲು ಒಂದು ನಿಮಿಷ

ಡೆಲಿವರಿ ಹುಡುಗ ಮಳೆಯಲ್ಲಿ ನಿಂತಿರುತ್ತಾನೆ, ಅವನಿಗೆ ಇನ್ನೂ ಇಪ್ಪತ್ತು ಮನೆ ಇರುತ್ತದೆ. ಪಾಪ ಎಂದು ಬಾಗಿಲಲ್ಲೇ ಒಟಿಪಿ ಹೇಳಿಬಿಡುತ್ತೇವೆ. ಹೇಳಿದ ಕ್ಷಣಕ್ಕೆ ಅವರ ದಾಖಲೆಯಲ್ಲಿ ಪಾರ್ಸೆಲ್ "ಸರಿಯಾಗಿ ತಲುಪಿದೆ" ಎಂದಾಗುತ್ತದೆ. ಅವನನ್ನು ಜಗಲಿಗೆ ಕರೆಯಿರಿ, ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ನಾಲ್ಕು ಮೂಲೆ ಒತ್ತಿ ನೋಡಿ. ರಟ್ಟು ಮೆತ್ತಗಾಗಿದ್ದರೆ, ಟೇಪು ಎದ್ದಿದ್ದರೆ, ಲೇಬಲಿನ ಶಾಯಿ ಹರಡಿದ್ದರೆ, ಅಲುಗಿಸಿದಾಗ ಪ್ಲಾಸ್ಟಿಕ್ ಚೀಲದೊಳಗೆ ನೀರಿನ ಸದ್ದಾದರೆ ಅಲ್ಲೇ, ಅವನ ಎದುರೇ ಒಂದು ಫೋಟೋ ತೆಗೆಯಿರಿ.

ಕಾಗದದ ರಸೀದಿ ಇದ್ದರೆ ಸಹಿಯ ಪಕ್ಕದಲ್ಲಿ "ವೆಟ್ ಪಾರ್ಸೆಲ್, ಕಂಟೆಂಟ್ಸ್ ನಾಟ್ ಚೆಕ್ಡ್" ಎಂದು ಇಂಗ್ಲಿಷಿನಲ್ಲೇ ಬರೆಯಿರಿ. ಕನ್ನಡದಲ್ಲಿ ಬರೆದರೆ ತಪ್ಪೇನಿಲ್ಲ, ಆದರೆ ಈ ರಸೀದಿಯನ್ನು ಮುಂದೆ ನೋಡುವವರು ಯಾವ ರಾಜ್ಯದ ಕಚೇರಿಯಲ್ಲಿ ಕೂತಿರುತ್ತಾರೋ ಗೊತ್ತಿಲ್ಲ. ಇದನ್ನು ಅವರು ಪಿಒಡಿ ಅನ್ನುತ್ತಾರೆ. ಪಾರ್ಸೆಲ್ ತಲುಪಿದ್ದಕ್ಕೆ ನೀವು ಕೊಡುವ ಪುರಾವೆ. ಷರಾ ಇಲ್ಲದ ಪಿಒಡಿ ಮುಂದೆ ನಿಮ್ಮ ವಿರುದ್ಧವೇ ನಿಲ್ಲುತ್ತದೆ. ಮೊಬೈಲ್ ಪರದೆಯ ಮೇಲೆ ಸಹಿ ಹಾಕಿಸುವುದಾದರೆ ಸಹಿಯ ಜಾಗದಲ್ಲೇ "ವೆಟ್" ಎಂದು ಬೆರಳಲ್ಲಿ ಗೀಚಿ, ಆ ಪರದೆಯ ಫೋಟೋ ತೆಗೆದುಕೊಳ್ಳಿ. ಬರೀ ಒಟಿಪಿ ಇದ್ದರೆ, ಹೇಳಿದ ಐದು ನಿಮಿಷದೊಳಗೆ ಮಾರಿದವರಿಗೆ ಫೋಟೋ ಹೋಗಿರಬೇಕು. ಹೊತ್ತು ಹೊಂದಿಕೆಯಾಗುವುದೇ ಅಲ್ಲಿ ಷರಾ.

ಬೇಡವೆಂದು ವಾಪಸ್ ಕಳಿಸುವುದೋ, ಇಟ್ಟುಕೊಳ್ಳುವುದೋ? ಬಂದಾಗ ಹಣ ಕೊಡುವ ಪಾರ್ಸೆಲ್ ಆಗಿದ್ದರೆ ವಾಪಸ್ ಕಳಿಸಿ; ಹಣ ಕೊಟ್ಟು ಆಮೇಲೆ ಅಲೆಯುವುದು ಬೇಡ. ದೊಡ್ಡ ಮಾರಾಟ ತಾಣದ ಆರ್ಡರ್, ನೀರು ಸುರಿಯುತ್ತಿದೆ ಎಂದರೂ ಫೋಟೋ ತೆಗೆದು ವಾಪಸ್ ಕಳಿಸಬಹುದು. ಆದರೆ ಸಣ್ಣ ವ್ಯಾಪಾರಿಯ ಮಾಲಾಗಿದ್ದರೆ ಮೊದಲು ಅವರಿಗೆ ಫೋನ್ ಮಾಡಿ. ವಾಪಸ್ ಹೋದ ಪಾರ್ಸೆಲ್‌ಗೆ ಆರ್‌ಟಿಒ ಎಂಬ ಮುದ್ರೆ ಬೀಳುತ್ತದೆ, ಅಂದರೆ ಕಳಿಸಿದವರಿಗೇ ಮರಳಿಕೆ. ಕಾರಣದ ಜಾಗದಲ್ಲಿ ಸಾಮಾನ್ಯವಾಗಿ "ಗ್ರಾಹಕರು ನಿರಾಕರಿಸಿದರು" ಎಂದಷ್ಟೇ ಇರುತ್ತದೆ, ಒದ್ದೆಯ ಸುದ್ದಿ ಇರುವುದಿಲ್ಲ. ಆ ಸೀರೆ ಒದ್ದೆಯಲ್ಲೇ ಇನ್ನೂ ನಾಲ್ಕೈದು ದಿನ ಸುತ್ತಿ ಇಳಕಲ್ಲಿಗೆ ಬೂಷ್ಟು ಹಿಡಿದು ತಲುಪುತ್ತದೆ. ಯಾವ ನೀರಿನಿಂದ ಏನಾಯಿತೆಂದು ಆಮೇಲೆ ಯಾರೂ ಹೇಳಲಾರರು.

ನಮ್ಮ ಊರುಗಳಿಗೇ ಸೇರಿದ ಒಂದು ತೊಡಕು ಇದೆ. ಗುಡ್ಡದ ಮೇಲಿನ ಮನೆಗೆ ಹುಡುಗ ಬರುವುದಿಲ್ಲ, "ಪೇಟೆಯ ಅಂಗಡಿಯಲ್ಲಿ ಕೊಟ್ಟಿದ್ದೇನೆ" ಎಂದು ಫೋನ್ ಮಾಡುತ್ತಾನೆ. ನೀವು ಹೂಂ ಅಂದರೆ ಆ ಅಂಗಡಿಯವರು ನಿಮ್ಮ ಪರವಾಗಿ ಪಡೆದಂತೆ. ಅವರು ಎರಡು ದಿನ ಹೊರಗೆ ಸೂರಿನ ಕೆಳಗೆ ಇಟ್ಟು, ಎರಚಲಿಗೆ ಅದು ಚಂಡಿಯಾದರೆ ಕೊರಿಯರ್‌ನವರ ಹೊಣೆ ಅಲ್ಲಿಗೆ ಮುಗಿಯಿತು ಎಂಬ ವಾದ ಬರುತ್ತದೆ. ಹಾಗಾಗಿ ಅಂಗಡಿಯಲ್ಲಿ ಇಳಿಸಿಕೊಳ್ಳುವವರು ಅಂಗಡಿಯವರಿಗೆ ಮೊದಲೇ ಹೇಳಿಡಿ: ತೆಗೆದುಕೊಂಡ ಕೂಡಲೇ ಒಂದು ಫೋಟೋ ಕಳಿಸಿ, ಒಳಗಿಡಿ.

ಹಂತ 2: ತೆರೆಯುವ ಮೊದಲು ಪೆಟ್ಟಿಗೆಯನ್ನು ಓದಿ

ಹೆಚ್ಚಿನವರು ಇದನ್ನು ಬಿಟ್ಟು ನೇರ ಕತ್ತರಿ ಹಾಕುತ್ತಾರೆ. ಸಾಕ್ಷಿಯ ಮುಕ್ಕಾಲು ಪಾಲು ಇರುವುದೇ ಹೊರಗಿನ ರಟ್ಟಿನಲ್ಲಿ.

ಮೇಲ್ಭಾಗ ನೆನೆದು, ಲೇಬಲ್ ಕರಗಿ, ತಳ ಗಟ್ಟಿಯಾಗಿದ್ದರೆ ಮಳೆ ನೇರ ಬಿದ್ದಿದೆ: ಬೈಕಿನ ಹಿಂದೆ, ತೆರೆದ ವಾಹನದಲ್ಲಿ, ಇಲ್ಲವೇ ಇಳಿಸುವಾಗ. ಲೇಬಲ್ ಚೊಕ್ಕಟವಾಗಿದ್ದು ತಳ ಮೆತ್ತಗಾಗಿದ್ದರೆ ಪೆಟ್ಟಿಗೆ ನೀರು ನಿಂತ ನೆಲದ ಮೇಲೆ ಕೂತಿತ್ತು. ರಟ್ಟು ಬತ್ತಿಯ ಹಾಗೆ ನೀರನ್ನು ಮೇಲಕ್ಕೆ ಎಳೆಯುತ್ತದೆ. ಅದು ಎಲ್ಲಿಗೆ ನಿಂತಿತೋ ಅಲ್ಲಿ, ಒಣಗುವಾಗ, ಕಂದು ಬಣ್ಣದ ಅಂಕುಡೊಂಕು ಗೆರೆ ಬೀಳುತ್ತದೆ. ಈ ಗೆರೆ ಇದೆಯೋ ಇಲ್ಲವೋ ಎಂಬುದೇ ದೊಡ್ಡ ಸುಳಿವು. ಅರ್ಧ ಗಂಟೆಯ ಹಿಂದಿನ ಮಳೆಗೆ ನೆನೆದ ರಟ್ಟಿನಲ್ಲಿ ಒಣಗಿದ ಗೆರೆ ಇರುವುದಿಲ್ಲ. ಗೆರೆ ಇದ್ದರೆ ಅದು ಹಿಂದೆಲ್ಲೋ ನೆನೆದು, ಅಷ್ಟಿಷ್ಟು ಒಣಗಿ ಬಂದಿದೆ. ಪದರ ಬಿಟ್ಟ ರಟ್ಟೂ ಅದನ್ನೇ ಹೇಳುತ್ತದೆ. ಪದರಗಳನ್ನು ಹಿಡಿದಿರುವುದು ಪಿಷ್ಟದ ಅಂಟು, ಹೆಚ್ಚು ಹೊತ್ತು ನೀರಿನಲ್ಲಿದ್ದರೆ ಅದು ಬಿಡುತ್ತದೆ. ಮುಗ್ಗಲು ವಾಸನೆಗೂ ಒಂದೆರಡು ದಿನವಾದರೂ ಬೇಕು.

ಇನ್ನೊಂದು ಸಾಧ್ಯತೆಯನ್ನೂ ಪ್ರಾಮಾಣಿಕವಾಗಿ ನೋಡಿ. ಹೊರಗಿನ ರಟ್ಟು ಪೂರ್ತಿ ಒಣಗಿದ್ದು ಒಳಗಿನ ಮಾಲು ಮಾತ್ರ ತೇವವಾಗಿದ್ದರೆ ಅದು ದಾರಿಯ ಮಳೆಯಲ್ಲ, ಪ್ಯಾಕ್ ಮಾಡುವಾಗಿನ ತೇವ. ಆಗ ಹೊಣೆ ಮಾರಿದವರದೇ.

ನಮ್ಮ ಉದಾಹರಣೆಯಲ್ಲಿ ಲೇಬಲ್ ಸ್ವಚ್ಛ. ತಳದಿಂದ ನಾಲ್ಕು ಬೆರಳು ಮೇಲೆ ಸುತ್ತಲೂ ಕಂದು ಗೆರೆ. ಹೊರಗಿನ ಪ್ಲಾಸ್ಟಿಕ್ ಚೀಲ ತಳದ ಮೂಲೆಯಲ್ಲಿ ಹರಿದಿದೆ, ನೆಲದ ಮೇಲೆ ಎಳೆದ ಗೀರು ಸಮೇತ. ಅಂದರೆ ಪೆರ್ಲದ ಹುಡುಗನ ಬೈಕು ಇದಕ್ಕೆ ಕಾರಣವಲ್ಲ. ಟ್ರ್ಯಾಕಿಂಗ್ ನೋಡಿದರೆ 10ರಿಂದ 12ರ ಬೆಳಗಿನವರೆಗೆ ಪಾರ್ಸೆಲ್ ಹಬ್‌ನಲ್ಲಿ ಕೂತಿತ್ತು. ನೀರೂ ಗೆರೆಯೂ ಬೆರಳು ತೋರಿಸುವುದು ಅಲ್ಲಿಗೆ. ಆ ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್ ಅಂದೇ ತೆಗೆದಿಡಿ. ಕೆಲವು ವಾರಗಳ ಮೇಲೆ ಆ ಪುಟ ತೆರೆಯದೇ ಹೋಗಬಹುದು.

ಹಂತ 3: ಒಂದೇ ಓಟದ ವಿಡಿಯೋ

ಮಧ್ಯೆ ನಿಲ್ಲಿಸದ ಒಂದು ವಿಡಿಯೋ, ಮೂರು ನಾಲ್ಕು ನಿಮಿಷ ಸಾಕು. ಮೊದಲು ಲೇಬಲಿನ ಮೇಲಿನ ಪಾರ್ಸೆಲ್ ಸಂಖ್ಯೆ ಓದಲು ಬರುವಷ್ಟು ಹತ್ತಿರ. ಆಮೇಲೆ ಆರೂ ಮುಖ, ತಳವನ್ನು ಮರೆಯದೆ. ಟೇಪು ಯಾರೂ ಬಿಚ್ಚಿಲ್ಲವೆಂದು ಕಾಣುವ ಹಾಗೆ ಅದರ ಉದ್ದಕ್ಕೂ ಕ್ಯಾಮೆರಾ ಹೋಗಲಿ. ನಂತರ ಕತ್ತರಿಸಿ, ಒಳಗಿನದನ್ನು ಒಂದೊಂದೇ ಎತ್ತಿ. ಎತ್ತುವಾಗ ಪ್ರತಿಯೊಂದು ಕವರಿನ ಬಾಯಿ ತೋರಿಸಿ: ಅಂಟಿಸಿದೆಯೇ, ಬರೀ ಮಡಚಿದೆಯೇ. ಕೊನೆಗೆ ಪೆಟ್ಟಿಗೆಯ ಒಳತಳ.

ವಿಡಿಯೋ ಮುಗಿದ ಮೇಲೆ ಹಾನಿಯಾದ ವಸ್ತುವಿನ ಬಿಡಿ ಫೋಟೋ. ಸೀರೆಯಾದರೆ ಪೂರ್ತಿ ಹರಡಿ ಒಂದು, ಬಣ್ಣ ಹತ್ತಿದ ಭಾಗಕ್ಕೆ ಅಳತೆಪಟ್ಟಿ ಅಥವಾ ಒಂದು ನಾಣ್ಯ ಇಟ್ಟು ಒಂದು, ಬೆಲೆಯ ಚೀಟಿಯದು ಒಂದು. ಹಾನಿಯಾಗದ ಸೀರೆಯ ಫೋಟೋವೂ ಬೇಕು. ಎರಡರ ದುಡ್ಡೂ ಬರಲಿ ಎಂದು ಅದನ್ನು ಮುಚ್ಚಿಟ್ಟರೆ, ವಿಡಿಯೋದಲ್ಲಿ ಅದು ಒಣಗಿದ್ದು ಕಾಣಿಸಿದ ದಿನ ಮೊದಲನೆಯದರ ಮಾತೂ ನಂಬಿಕೆ ಕಳೆದುಕೊಳ್ಳುತ್ತದೆ.

ಈ ಕಡತಗಳನ್ನು ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋದಂತೆ ಕಳಿಸಬೇಡಿ. ಅದು ಚಿತ್ರವನ್ನು ಕುಗ್ಗಿಸುತ್ತದೆ, ಒಳಗೆ ಅಡಗಿರುವ ದಿನಾಂಕ, ಸಮಯ, ಸ್ಥಳದ ಮಾಹಿತಿಯನ್ನೂ ಅಳಿಸುತ್ತದೆ. ಡಾಕ್ಯುಮೆಂಟ್ ಆಯ್ಕೆಯಲ್ಲಿ ಅಥವಾ ಇಮೇಲಿನಲ್ಲಿ ಕಳಿಸಿ, ಮೂಲ ಕಡತ ಫೋನಿನಲ್ಲೇ ಇರಲಿ.

ವಿದ್ಯುತ್ ಸಾಮಾನಾದರೆ ಒಂದೇ ಎಚ್ಚರಿಕೆ: "ಓಡುತ್ತದೋ ನೋಡೋಣ" ಎಂದು ಪ್ಲಗ್ ಹಾಕಬೇಡಿ. ಒದ್ದೆ ಸರ್ಕ್ಯೂಟ್ ಸುಟ್ಟರೆ ಅದು ಬಳಸಿದವರ ತಪ್ಪಾಗುತ್ತದೆ. ಅನೇಕ ಮೊಬೈಲ್, ಲ್ಯಾಪ್‌ಟಾಪ್‌ಗಳೊಳಗೆ ನೀರು ತಾಗಿದರೆ ಕೆಂಪಗಾಗುವ ಪುಟ್ಟ ಬಿಳಿ ಚೀಟಿ ಇರುತ್ತದೆ. ಅದು ಕೆಂಪಾಗಿದ್ದರೆ ವಾರಂಟಿಯವರು ಕೈ ತೊಳೆದುಕೊಳ್ಳುತ್ತಾರೆ. ಹಾಗಾಗಿ ದಾರಿಯ ಹಾನಿ ಎಂದು ಮೊದಲ ದಿನವೇ ದೂರು ದಾಖಲಾಗಬೇಕು, ವಾರಂಟಿಯ ಹಾದಿ ಹಿಡಿಯಬಾರದು.

ಹಂತ 4: ಹಾನಿ ಬೆಳೆಯದಂತೆ ನೋಡಿ, ಆದರೆ ಒಗೆಯಬೇಡಿ

ಸಾಕ್ಷಿ ಕೆಡಬಾರದೆಂದು ಸೀರೆಯನ್ನು ಒದ್ದೆ ಕವರಿನಲ್ಲೇ ಬಿಟ್ಟವರಿದ್ದಾರೆ. ಮೂರನೇ ದಿನಕ್ಕೆ ಕಪ್ಪು ಚುಕ್ಕೆ ಬೀಳುತ್ತದೆ, ಅದು ನಿಮ್ಮ ಮನೆಯಲ್ಲೇ ಆದದ್ದು ಎಂದು ಅವರು ಹೇಳಿದರೆ ಮಾತು ಅವರದೇ ಸರಿ. ವಿಡಿಯೋ, ಫೋಟೋ ಆದ ಕೂಡಲೇ ಮಡಿಕೆ ಬಿಡಿಸಿ, ಪದರಗಳ ನಡುವೆ ಹಳೆಯ ಬಿಳಿ ಬಟ್ಟೆ ಇಟ್ಟು, ನೆರಳಿನಲ್ಲಿ ಫ್ಯಾನ್ ಕೆಳಗೆ ಹರಡಿ. ಒಗೆಯುವುದು, ಇಸ್ತ್ರಿ ಹಾಕುವುದು, ಕಲೆ ತೆಗೆಯುವ ಪುಡಿ ಹಚ್ಚುವುದು ಯಾವುದೂ ಬೇಡ. ಪೆಟ್ಟಿಗೆಯನ್ನೂ ಒಣಗಿಸಿ, ಪತ್ರಿಕೆಯಲ್ಲಿ ಸುತ್ತಿ ಅಟ್ಟದ ಮೇಲಿಡಿ. ಬಚ್ಚಲ ಒಲೆಗೆ ಹೋದ ಪೆಟ್ಟಿಗೆಯ ಜೊತೆ ಆ ಕಂದು ಗೆರೆಯೂ ಹೋಗುತ್ತದೆ.

ಹಂತ 5: ಕೊಂಡವರು ಕೇಳಬೇಕಾದ್ದು ಮಾರಿದವರನ್ನು

ಕೊರಿಯರ್ ಜೊತೆ ಒಪ್ಪಂದ ಮಾಡಿಕೊಂಡು ಬಾಡಿಗೆ ಕೊಟ್ಟವರು ಮಾರಿದವರು. ಕೊಂಡವರು ಕೊರಿಯರ್‌ನ ಸಹಾಯವಾಣಿಗೆ ಫೋನ್ ಮಾಡಿದರೆ ಒಂದು ದೂರು ಸಂಖ್ಯೆ ಸಿಗುತ್ತದೆ. ಅದನ್ನು ಪಡೆದಿಡಿ, ಉಪಯೋಗವಿದೆ. ಆದರೆ ಹಣ ಕೇಳುವ ಜಾಗ ಅದಲ್ಲ.

ಅದೇ ದಿನ, ಹೆಚ್ಚೆಂದರೆ ಮರುದಿನದೊಳಗೆ ಬರಹದಲ್ಲಿ ತಿಳಿಸಿ. ಮಾರಾಟ ತಾಣಗಳಲ್ಲಿ ವಾಪಸಾತಿಯ ಗಡುವು ವಸ್ತುವಿಗೆ ತಕ್ಕಂತೆ ಬೇರೆ ಬೇರೆ, ಆರ್ಡರ್ ಪುಟದಲ್ಲೇ ಇರುತ್ತದೆ. ಸಂದೇಶ ಹೀಗಿದ್ದರೆ ಸಾಕು:

"ನಮಸ್ತೆ. ಜುಲೈ 8ರಂದು ಕಳಿಸಿದ ಎರಡು ಸೀರೆಗಳ ಪಾರ್ಸೆಲ್ (ಸಂಖ್ಯೆ …) ಇಂದು ಸಂಜೆ 5.40ಕ್ಕೆ ತಲುಪಿತು. ಪೆಟ್ಟಿಗೆಯ ತಳ ನೆನೆದಿತ್ತು, ರಸೀದಿಯಲ್ಲಿ ಹಾಗೆಂದು ಬರೆದು ಸಹಿ ಹಾಕಿದ್ದೇನೆ. ಒಂದು ಸೀರೆ ಸರಿಯಾಗಿದೆ. ಇನ್ನೊಂದರ ಸೆರಗಿನ ಬಣ್ಣ ಒಡಲಿಗೆ ಹತ್ತಿದೆ. ತೆರೆಯುವಾಗಿನ ವಿಡಿಯೋ ಮತ್ತು ಫೋಟೋ ಕಳಿಸಿದ್ದೇನೆ. ಈ ಸೀರೆಗೆ ಬದಲಿ ಅಥವಾ 3,200 ರೂಪಾಯಿ ಮರಳಿಸಬೇಕೆಂದು ಕೋರಿಕೆ. ಸೀರೆ, ಪೆಟ್ಟಿಗೆ ಎರಡೂ ತೆಗೆದಿಟ್ಟಿದ್ದೇನೆ, ವಾಪಸ್ ಬೇಕಿದ್ದರೆ ತಿಳಿಸಿ."

ಬೈಗುಳವಿಲ್ಲ, ಕತೆಯಿಲ್ಲ. ಇದೇ ಸಂದೇಶವನ್ನು ಮಾರಿದವರು ನಾಳೆ ಕೊರಿಯರ್‌ಗೆ ಕಳಿಸುತ್ತಾರೆ ಎಂದು ನೆನಪಿಟ್ಟು ಬರೆಯಿರಿ.

ಹಂತ 6: ಮಾರಿದವರು ಕೊರಿಯರ್‌ನಿಂದ ಪಡೆಯುವುದು

ಮಾರುವವರಿಗೆ ಗೊತ್ತಿರಬೇಕಾದ ಕಾನೂನು 2007ರ ರಸ್ತೆ ಸಾಗಣೆ ಕಾಯ್ದೆ. ಇದು ಲಾರಿಯವರಿಗೆ ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಬಾಗಿಲಿಂದ ಬಾಗಿಲಿಗೆ ಮುಟ್ಟಿಸುವ ಕೊರಿಯರ್ ಸಂಸ್ಥೆಗಳೂ ಅದರ ವ್ಯಾಖ್ಯೆಯಲ್ಲಿವೆ. ಅದರಲ್ಲಿ ನಮಗೆ ಬೇಕಾದ ಮಾತು ನಾಲ್ಕು.

ಮಾಲು ಹಾಳಾಗಿದೆ ಎಂದು ತೋರಿಸಿದರೆ ಸಾಕು, ಸಾಗಿಸಿದವರ ನಿರ್ಲಕ್ಷ್ಯವನ್ನು ನೀವು ಸಾಬೀತುಪಡಿಸಬೇಕಿಲ್ಲ. ಹಾಗಾದರೆ ಕಂದು ಗೆರೆ ಯಾಕೆ ಬೇಕು? ಎರಡನೇ ಮಾತಿಗಾಗಿ: ದೈವಿಕ ಕಾರಣದಿಂದಾದ ನಷ್ಟಕ್ಕೆ ಅವರು ಹೊಣೆಯಲ್ಲ, ಆದರೆ ಸರಿಯಾದ ಎಚ್ಚರ ವಹಿಸಿದ್ದರೆ ನಷ್ಟ ತಪ್ಪುತ್ತಿತ್ತು ಎಂದಾದರೆ ಆ ನೆಪ ನಡೆಯುವುದಿಲ್ಲ. ಕರಾವಳಿಯಲ್ಲಿ ಜುಲೈ ಮಳೆ ಅನಿರೀಕ್ಷಿತವೇನಲ್ಲ. ವರ್ಷಕ್ಕೆ 3,000 ಮಿ.ಮೀ. ಮೀರಿ ಸುರಿಯುವ ಸೀಮೆ ಇದು. ಹವಾಮಾನ ಇಲಾಖೆ ಆ ದಿನಗಳಿಗೆ ಕಿತ್ತಳೆ ಎಚ್ಚರಿಕೆ ಕೊಟ್ಟಿದ್ದರೆ ಅದನ್ನೇ ಲಗತ್ತಿಸಿ. ಕೊರಿಯರ್‌ನವರು ಅದನ್ನು ತಮ್ಮ ಪರವಾಗಿ ತೋರಿಸಬಹುದು, ಆದರೆ ಮುನ್ನೆಚ್ಚರಿಕೆ ಇದ್ದೂ ಪೆಟ್ಟಿಗೆಯನ್ನು ನೆಲದಿಂದ ಎತ್ತಿ ಹಲಗೆಯ ಮೇಲೆ ಇಡಲಿಲ್ಲವೇಕೆ ಎಂಬ ಪ್ರಶ್ನೆ ಹುಟ್ಟುವುದೂ ಅದರಿಂದಲೇ. ತಳದಿಂದ ಏರಿದ ನೀರಿನ ಗೆರೆಗೆ ಇಲ್ಲಿ ಬೆಲೆ.

ಮೂರನೆಯದು ನೋವಿನ ಮಾತು. ಬುಕಿಂಗ್ ಹೊತ್ತಿಗೆ ಹೆಚ್ಚಿನ ಅಪಾಯದ ದರ ಕಟ್ಟಿರದಿದ್ದರೆ ಪರಿಹಾರದ ಮಿತಿ ಬಾಡಿಗೆಯ ಹತ್ತು ಪಟ್ಟು, ಅದೂ ನೀವು ಘೋಷಿಸಿದ ಬೆಲೆಯನ್ನು ಮೀರದಂತೆ. ನಮ್ಮ ಲೆಕ್ಕದಲ್ಲಿ 180ರ ಹತ್ತು ಪಟ್ಟು 1,800. ಸೀರೆಯ ಬೆಲೆ 3,200. ವ್ಯಾಪಾರಿ ಗ್ರಾಹಕಿಗೆ ಪೂರ್ತಿ ಕೊಟ್ಟರೆ 1,400 ಕೈಯಿಂದ ಹೋಯಿತು. ಎರಡೂ ಸೀರೆ ಹಾಳಾಗಿದ್ದರೆ 4,600. ಆದ್ದರಿಂದ ಮಾಲಿನ ಬೆಲೆ ಬಾಡಿಗೆಯ ಹತ್ತು ಪಟ್ಟು ಮೀರಿದಾಗ, ಮಳೆಗಾಲದಲ್ಲಾದರೂ, ಬೆಲೆ ಘೋಷಿಸಿ ಆ ಹೆಚ್ಚಿನ ದರ ಕಟ್ಟಿ, ರಸೀದಿಯಲ್ಲಿ ಅದು ಮುದ್ರಣವಾಗಿದೆಯೇ ನೋಡಿ. ರಸೀದಿಯ ಹಿಂದಿನ ಸಣ್ಣ ಅಕ್ಷರಗಳನ್ನೂ ಓದಿ. ಸಹಿ ಹಾಕಿದ ಷರತ್ತಿನಲ್ಲಿ ಹೊಣೆಯ ಮಿತಿ ಬರೆದಿದ್ದರೆ ಅದಕ್ಕೆ ಕಳಿಸಿದವರು ಬದ್ಧರು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಒಂದು ಕೊರಿಯರ್ ಪ್ರಕರಣದಲ್ಲಿ ಹೇಳಿದೆ.

ನಾಲ್ಕನೆಯದು ಗಡುವು. ಮೊಕದ್ದಮೆಯ ಬಾಗಿಲು ತೆರೆದಿರಬೇಕಾದರೆ ಬುಕಿಂಗ್ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸು ಮುಟ್ಟಿರಬೇಕು. ಪಾರ್ಸೆಲ್ ತಲುಪಿದ ದಿನದಿಂದಲ್ಲ. ಜುಲೈ 8ರ ಬುಕಿಂಗ್‌ಗೆ ಅದು ಜನವರಿ 4. ಸಹಾಯವಾಣಿಯ ದೂರು ಸಂಖ್ಯೆಯನ್ನೇ ನೋಟಿಸು ಎಂದುಕೊಂಡು ಕೂತವರು ಇಲ್ಲಿ ಎಡವುತ್ತಾರೆ. ಇಮೇಲಿನ ಜೊತೆಗೆ ಸ್ವೀಕೃತಿ ಸಿಗುವಂತೆ ಅಂಚೆಯಲ್ಲೂ ಒಂದು ಪ್ರತಿ ಕಳಿಸಿ. ಅದರೊಂದಿಗೆ ಬಿಲ್ಲು, ಬುಕಿಂಗ್ ರಸೀದಿ, ಷರಾ ಇರುವ ಪಿಒಡಿ, ಟ್ರ್ಯಾಕಿಂಗ್ ಸ್ಕ್ರೀನ್‌ಶಾಟ್, ಫೋಟೋಗಳು, ವಿಡಿಯೋದ ಕೊಂಡಿ, ಕೇಳುವ ಮೊತ್ತ ಇರಲಿ. ಹಾಳಾದ ಸೀರೆಯನ್ನು ಸೋಡಿಯಲ್ಲಿ ಮಾರಿ 800 ಬಂದರೆ ಆ 800 ಕಳೆದು 2,400 ಎಂದು ಕೇಳಿ. ಮಿತಿ ಹೇಗೂ 1,800. ಆದರೆ ಲೆಕ್ಕ ನೇರವಾಗಿರುತ್ತದೆ.

ಕೊರಿಯರ್‌ನವರ ಬಲವಾದ ವಾದ "ಪ್ಯಾಕಿಂಗ್ ಸರಿಯಿರಲಿಲ್ಲ". ನಮ್ಮ ವಿಡಿಯೋದಲ್ಲೇ ಅದಕ್ಕೆ ಎಡೆಯಿದೆ: ಮೇಲಿನ ಸೀರೆಯ ಕವರ್ ಅಂಟಿಸಿತ್ತು, ಕೆಳಗಿನದರ ಬಾಯಿ ಬರೀ ಮಡಚಿತ್ತು. ಒಂದು ಉಳಿದು ಇನ್ನೊಂದು ಕೆಟ್ಟದ್ದು ಅದಕ್ಕೇ. ಮಾರುವವರು ಪ್ರತಿ ಸೀರೆಯ ಕವರನ್ನೂ ಅಂಟಿಸಿ, ಎಲ್ಲವನ್ನೂ ಇನ್ನೊಂದು ದಪ್ಪ ಚೀಲದೊಳಗಿಟ್ಟು ಬಾಯಿ ಎರಡು ಸಲ ಮಡಚಿ ಟೇಪು ಹಾಕಿ, ಆಮೇಲೆ ಪೆಟ್ಟಿಗೆ. ಚೀಲ ಪೆಟ್ಟಿಗೆಯ ಒಳಗಿರಲಿ, ಹೊರಗಿನದು ಎಳೆದಾಟಕ್ಕೆ ಹರಿಯುತ್ತದೆ. ಲೇಬಲಿನ ಮೇಲೆ ಪಾರದರ್ಶಕ ಟೇಪು. ಸಿಲಿಕಾ ಪೊಟ್ಟಣ ಗಾಳಿಯ ತೇವಕ್ಕೆ ಸರಿ, ಹೊಕ್ಕ ನೀರಿಗೆ ಅದರಿಂದ ಏನೂ ಆಗದು. ಮುಚ್ಚುವ ಮೊದಲೊಂದು, ಮುಚ್ಚಿದ ಮೇಲೆ ಲೇಬಲ್ ಸಮೇತ ಒಂದು ಫೋಟೋ, ತೂಕದ ಮಾಪನದ ಮೇಲಿಟ್ಟು. ಇಷ್ಟಿದ್ದರೆ ಆ ವಾದ ಸೋಲುತ್ತದೆ.

ಹಂತ 7: ಮಾರಿದವರು ಕೈ ಎತ್ತಿದರೆ

ತಾಣದ ಮೂಲಕ ಕೊಂಡಿದ್ದರೆ ಅವರ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ 48 ಗಂಟೆಯೊಳಗೆ ದೂರು ತಲುಪಿದ್ದನ್ನು ಒಪ್ಪಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ದೋಷವಿರುವ ವಸ್ತುವನ್ನು ಹಿಂದಕ್ಕೆ ಪಡೆಯಲು ಮಾರುವವರು ಒಲ್ಲೆ ಎನ್ನುವಂತಿಲ್ಲ. ಪ್ರಕೃತಿ ವಿಕೋಪದ ವಿನಾಯಿತಿ ಆ ನಿಯಮದಲ್ಲಿರುವುದು ತಡವಾಗಿ ತಲುಪಿದ್ದಕ್ಕೆ ಮಾತ್ರ. ಮಳೆ ಎಂದು ಹೇಳಿ ಹಾಳಾದ ಮಾಲಿಗೂ ಅದನ್ನು ಎಳೆಯಲು ನೋಡಿದರೆ ಈ ಸಾಲನ್ನು ನೆನಪಿಸಿ.

ಮುಂದಿನದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಕನ್ನಡದಲ್ಲೇ ಮಾತನಾಡಬಹುದು. ಆನ್‌ಲೈನಿನಲ್ಲಿ consumerhelpline.gov.in. ಇದು ಮಧ್ಯಸ್ಥಿಕೆ, ತೀರ್ಪಲ್ಲ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಗಡಿಯ ನಮಗೆ ಮುಖ್ಯವಾದ ಅನುಕೂಲ ಒಂದಿದೆ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಾರಿದವರು ಬಾಗಲಕೋಟೆ ಜಿಲ್ಲೆಯವರಾದರೂ ಪೆರ್ಲದ ಗ್ರಾಹಕಿ ಕಾಸರಗೋಡಿನ ಆಯೋಗಕ್ಕೇ ಹೋಗಬಹುದು. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಗಡುವು, ಕೊಟ್ಟ ಬೆಲೆ 5 ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. e-jagriti.gov.in ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಕನ್ನಡದ ಸಂದೇಶಗಳನ್ನು ಲಗತ್ತಿಸುವಾಗ ಪಕ್ಕದಲ್ಲಿ ಇಂಗ್ಲಿಷ್ ಅನುವಾದ ಇಟ್ಟರೆ ಕೆಲಸ ಬೇಗ ಸಾಗುತ್ತದೆ.

ಅಂಚೆಯಲ್ಲಿ ಬಂದ ಪಾರ್ಸೆಲ್‌ಗೆ ಹಂತ 6ರ ಲೆಕ್ಕ ಅನ್ವಯಿಸುವುದಿಲ್ಲ, ಆ ಸಾಗಣೆ ಕಾಯ್ದೆ ಸರ್ಕಾರವನ್ನು ಹೊರಗಿಟ್ಟಿದೆ. ಅಂಚೆಯ ಹೊಣೆ ಅದರ ಸ್ವಂತ ನಿಯಮಗಳಷ್ಟಕ್ಕೆ ಸೀಮಿತ, ಬೆಲೆಬಾಳುವುದನ್ನು ಬುಕಿಂಗ್ ಹೊತ್ತಿಗೇ ವಿಮೆ ಮಾಡಿಸಿರಬೇಕು. ಪೋಸ್ಟ್‌ಮ್ಯಾನ್ ತಂದ ಪಾರ್ಸೆಲ್ ನೆನೆದಿದ್ದರೆ ಸಹಿ ಹಾಕದೆ, ಅಂಚೆ ಕಚೇರಿಗೇ ಬಂದು ಪೋಸ್ಟ್‌ಮಾಸ್ಟರ್ ಎದುರು ತೆರೆಯುತ್ತೇನೆ ಎಂದು ಹೇಳಿ. ಒಳಗೆ ಏನೇನು ಯಾವ ಸ್ಥಿತಿಯಲ್ಲಿದೆ ಎಂದು ಅಲ್ಲೇ ಪಟ್ಟಿ ಮಾಡಿಸಿ, ಅವರ ಸಹಿ ಇರುವ ಒಂದು ಪ್ರತಿ ಕೇಳಿ ಪಡೆಯಿರಿ.